ಸೀನ ಮಾವನ ಹಬ್ಬದ ಜಾಹೀರಾತು ಮತ್ತು ಸೊನ್ನೆ ಮಜೂರಿ

ನಮ್ಮ "ಅಜ್ಜಿ ಮನೆ" ಗುಂಪಿನಲ್ಲಿ ಒಂದು ಸಂಜೆ ನಡೆದ ಜಗಳ ಇದು. ಸೀನ ಮಾವನಿಗೆ ಗಾಂಧಿ ಬಜಾರ್ ಹತ್ತಿರ ಒಡವೆ ಅಂಗಡಿ ಇದೆ. ಜಾಹೀರಾತು ಮಾಡಿದ್ದು ಮಾವನ ಮಗಳು ಪಲ್ಲವಿ. ಶಾರದ ದೊಡ್ಡಮ್ಮ ಮಾವನಿಗೆ ಅಕ್ಕ, ಅವರ ಮಗ ಕಿರಣ ವಕೀಲ. ನಾನು ನಗರ್ತಪೇಟೆಯಲ್ಲಿ ಚಿನ್ನದ ಶುದ್ಧತೆ ಪರೀಕ್ಷಿಸಿ ಮುದ್ರೆ ಹಾಕುವ ಒಂದು ಹಾಲ್‌ಮಾರ್ಕ್ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಹೂವಿನ ಸ್ಟಿಕ್ಕರ್, ಥಂಬ್ಸ್ ಅಪ್ ಎಲ್ಲ ತೆಗೆದು ಮಾತು ಮಾತ್ರ ಇಟ್ಟಿದ್ದೇನೆ.

ಸೀನ ಮಾವ: ವರಮಹಾಲಕ್ಷ್ಮಿ ಹಬ್ಬದ ಆಡ್ ರೆಡಿ. ನಾಳೆ ಪೇಪರಿಗೆ ಹೋಗಬೇಕು. ಎಲ್ಲರೂ ಫಾರ್ವರ್ಡ್ ಮಾಡಿ.

(ಚಿತ್ರದಲ್ಲಿ ಕೆಂಪು ರೇಷ್ಮೆ ಸೀರೆಯ ಹುಡುಗಿ, ಮೂಗಲ್ಲಿ ಮೂಗುಬೊಟ್ಟು, ಕತ್ತಲ್ಲಿ ಎರಡೆಳೆ ಹಾರ, ಹಿಂದೆ ದೀಪಗಳು. ಅಕ್ಷರಗಳು: "100% ಶುದ್ಧ 916 ಕೆಡಿಎಂ ಚಿನ್ನ! ಮಜೂರಿ 0%*! 100% ಬೈಬ್ಯಾಕ್*!" ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷ್.)

ಶಾರದ ದೊಡ್ಡಮ್ಮ: ತುಂಬಾ ಚೆನ್ನಾಗಿದೆ ಕಣೋ ಸೀನ. ಆ ಹಾರ ಎಷ್ಟು ಗ್ರಾಂ? ಮಜೂರಿ ಸೊನ್ನೆ ಅಂದರೆ ಬರೀ ಚಿನ್ನದ ದುಡ್ಡು ಕೊಟ್ಟರೆ ಸಾಕು ಅಲ್ವಾ? ಹಾಗಿದ್ದರೆ ನಾಳೆನೇ ಬರುತ್ತೇನೆ.

ಸೀನ ಮಾವ: ಅಕ್ಕಾ, ಒಟ್ಟು 22 ಗ್ರಾಂ, ಕಲ್ಲು ತೆಗೆದರೆ 20. ಮಜೂರಿ ಇಲ್ಲ. ವೇಸ್ಟೇಜ್ ಮಾತ್ರ ಶೇ. 12 ಬರುತ್ತದೆ.

ಶಾರದ ದೊಡ್ಡಮ್ಮ: ಹಾಗಾದರೆ ಸೊನ್ನೆ ಯಾವುದು?

ಸೀನ ಮಾವ: ಮೊದಲು ಮಜೂರಿ ಶೇ. 4, ವೇಸ್ಟೇಜ್ ಶೇ. 12 ಇತ್ತು. ಹಬ್ಬಕ್ಕೆ ಅಂತ ಆ 4 ಬಿಟ್ಟಿದ್ದೇನೆ. ಸುಳ್ಳೇನಿಲ್ಲ.

ಕಿರಣ: ಸುಳ್ಳಲ್ಲ ಮಾವ. ಆದರೆ ಅಮ್ಮನೇ ಓದಿ ಪೂರ್ತಿ ಬೇರೆ ಅರ್ಥ ಮಾಡಿಕೊಂಡರು. ಸ್ವಂತ ಅಕ್ಕ, ಮೂವತ್ತು ವರ್ಷದ ಗಿರಾಕಿ. ಬೀದಿಯಲ್ಲಿ ಹೋಗುವವರು ಏನಂದುಕೊಳ್ಳುತ್ತಾರೆ?

ಪಲ್ಲವಿ: ಕಿರಣ್ ಭಾವ, ರಸ್ತೆಯ ಆ ಕಡೆ ಅಂಗಡಿಯವರೂ ಸೊನ್ನೆ ಅಂತಲೇ ಹಾಕಿದ್ದಾರೆ. ನಾವು "ಶೇ. 12" ಅಂತ ಬರೆದರೆ ಅವರ ಮುಂದೆ ದುಬಾರಿ ಕಾಣುತ್ತೇವೆ.

ನಾನು: ಒಂದು ಲೆಕ್ಕ ಹಾಕೋಣ. ಸುಲಭಕ್ಕೆ 22 ಕ್ಯಾರೆಟ್ ಗ್ರಾಂಗೆ 10,000 ರೂಪಾಯಿ ಅಂತ ಇಟ್ಟುಕೊಳ್ಳಿ. ನಿವ್ವಳ 20 ಗ್ರಾಂ, ಅಂದರೆ 2,00,000. ವೇಸ್ಟೇಜ್ ಶೇ. 12, ಅಂದರೆ 24,000. ಮಾವ, ಕಲ್ಲಿಗೆಷ್ಟು?

ಸೀನ ಮಾವ: 3,000.

ನಾನು: ಒಟ್ಟು 2,27,000. ಅದರ ಮೇಲೆ ಜಿಎಸ್‌ಟಿ ಶೇ. 3, ಅಂದರೆ 6,810. ದೊಡ್ಡಮ್ಮ ಕೊಡಬೇಕಾದ್ದು 2,33,810. ಹಾಲ್‌ಮಾರ್ಕ್ ಶುಲ್ಕ ಒಂದು ಒಡವೆಗೆ ಐವತ್ತು ರೂಪಾಯಿ ಆಸುಪಾಸು, ಅದನ್ನು ಬಿಟ್ಟಿದ್ದೇನೆ. ದೊಡ್ಡಮ್ಮನ ಮನಸ್ಸಿನಲ್ಲಿದ್ದದ್ದು ಎರಡು ಲಕ್ಷ, ಅಲ್ವಾ?

ಶಾರದ ದೊಡ್ಡಮ್ಮ: ಹೂಂ. ಜಿಎಸ್‌ಟಿ ಸೇರಿ ಎರಡು ಲಕ್ಷದ ಆರು ಸಾವಿರ ಅಂತ ಲೆಕ್ಕ ಹಾಕಿಕೊಂಡೇ ಇದ್ದೆ.

ಸೀನ ಮಾವ: ಅಳಿಯಾ, ವೇಸ್ಟೇಜ್ ಎಲ್ಲರೂ ತೆಗೆದುಕೊಳ್ಳುತ್ತಾರೆ. ಅದು ಅಕ್ಕಸಾಲಿಗನ ಕೈಯಲ್ಲಿ ಅರ ಹಾಕುವಾಗ, ಉಜ್ಜುವಾಗ ಕಳೆಯುವ ಚಿನ್ನ.

ನಾನು: ಕೈಕೆಲಸದಲ್ಲಿ ಒಂದಿಷ್ಟು ಕಳೆಯುವುದು ನಿಜ ಮಾವ. ಆ ಧೂಳನ್ನೂ ಗುಡಿಸಿ ಕರಗಿಸಿ ಚಿನ್ನ ವಾಪಸ್ ತೆಗೆಯುತ್ತಾರೆ ಅನ್ನುವುದೂ ನಿಮಗೆ ಗೊತ್ತು. ಇವತ್ತು ಬಿಲ್ಲಿನಲ್ಲಿ ಬರುವ ಶೇ. 12ರಲ್ಲಿ ಕೂಲಿ, ವಿನ್ಯಾಸ, ಅಂಗಡಿಯ ಲಾಭ ಎಲ್ಲ ಸೇರಿದೆ. ತೆಗೆದುಕೊಳ್ಳಬೇಡಿ ಅನ್ನುತ್ತಿಲ್ಲ. ಎರಡು ಹೆಸರಲ್ಲಿ ತೆಗೆದುಕೊಂಡು, ಒಂದನ್ನು ಮಾತ್ರ ಸೊನ್ನೆ ಅನ್ನುವುದು ಬೇಡ.

ಕಿರಣ: ಕೆಳಗಿನ ಸಣ್ಣ ಅಕ್ಷರ ಇನ್ನೂ ದೊಡ್ಡ ತೊಂದರೆ. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ 2022ರಲ್ಲಿ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಅಕ್ಷರದ ಶೈಲಿಯೂ ಅದೇ ಇರಬೇಕು, ಕಣ್ಣಿಗೆ ಕಾಣುವ ಜಾಗದಲ್ಲಿರಬೇಕು. ಮುಖ್ಯವಾಗಿ, ಮೇಲೆ ಹೇಳಿದ್ದನ್ನು ಕೆಳಗೆ ಅಲ್ಲಗಳೆಯುವಂತಿಲ್ಲ. ನಿಮ್ಮದು ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ಮೇಲೆ ಸೊನ್ನೆ, ಕೆಳಗೆ ಹನ್ನೆರಡು.

ಪಲ್ಲವಿ: ಷರತ್ತೆಲ್ಲ ದಪ್ಪಗೆ ಬರೆದರೆ ಅದು ಜಾಹೀರಾತಾ, ಇನ್ಶೂರೆನ್ಸ್ ಪಾಲಿಸಿನಾ? ಆ ಹುಡುಗಿಯ ಮುಖ ನೋಡಿ ಜನ ನಿಲ್ಲಬೇಕು ಭಾವ.

ಇಲ್ಲಿ ಪಲ್ಲವಿಯ ಮಾತಿನಲ್ಲೂ ನ್ಯಾಯವಿತ್ತು. ಹಬ್ಬದ ಒಡವೆ ಆಸೆಯಿಂದ ಕೊಳ್ಳುವಂಥದ್ದು. ಅದನ್ನು ಬ್ಯಾಂಕ್ ನೋಟಿಸಿನ ಹಾಗೆ ಬರೆದರೆ ಯಾರೂ ಓದುವುದಿಲ್ಲ, ಓದದ ಷರತ್ತು ಇದ್ದೂ ಇಲ್ಲದ ಹಾಗೆ.

ನಾನು: ಪಲ್ಲು, ಶುದ್ಧತೆಯಿಂದ ಶುರು ಮಾಡು, ಅಲ್ಲಿ ಅಕ್ಷರ ಕಡಿಮೆನೇ ಆಗುತ್ತದೆ. "100% ಶುದ್ಧ" ತೆಗೆದುಬಿಡು. 22 ಕ್ಯಾರೆಟ್ ಅಂದರೆ ಸಾವಿರಕ್ಕೆ 916 ಪಾಲು ಚಿನ್ನ, ಉಳಿದದ್ದು ಗಟ್ಟಿತನಕ್ಕೆ ಸೇರಿಸಿದ ತಾಮ್ರ, ಬೆಳ್ಳಿ. ಒಂದೇ ಸಾಲಿನಲ್ಲಿ ನೂರೂ ಇದೆ, 916 ಕೂಡ ಇದೆ. "ಕೆಡಿಎಂ" ಕೂಡ ತೆಗಿ.

ಸೀನ ಮಾವ: ಕೆಡಿಎಂ ಮುಟ್ಟಬೇಡ! ಹಳೇ ಗಿರಾಕಿಗಳು ಅದನ್ನೇ ಕೇಳಿಕೊಂಡು ಬರುತ್ತಾರೆ.

ನಾನು: ಕೇಳುತ್ತಾರೆ ಮಾವ. ಆದರೆ ಕೆಡಿಎಂ ಅನ್ನುವುದು ಶುದ್ಧತೆಯ ಗುರುತಲ್ಲ, ಬೆಸುಗೆಯ ಹೆಸರು. ಕ್ಯಾಡ್ಮಿಯಂ ಹಾಕಿ ಬೆಸೆದರೆ ಬೆಂಕಿಯಲ್ಲಿ ಅದು ಆವಿಯಾಗಿ ಹೋಗುತ್ತದೆ, ಬೆಸೆದ ಜಾಗದಲ್ಲಿ ಚಿನ್ನದ ಪ್ರಮಾಣ ಹೆಚ್ಚು ಇಳಿಯುವುದಿಲ್ಲ. ಅದಕ್ಕೇ ಆಗ ಒಳ್ಳೆ ಹೆಸರು ಬಂತು. ಆ ಹೊಗೆ ಕುಡಿದವನು ಅಕ್ಕಸಾಲಿಗ. ಹಾಲ್‌ಮಾರ್ಕ್ ಒಡವೆಯಲ್ಲಿ ಕ್ಯಾಡ್ಮಿಯಂ ಬೆಸುಗೆಗೆ ಜಾಗವೇ ಇಲ್ಲ. ನೀವೂ ಈಗ ಬಳಸುತ್ತಿಲ್ಲ ಅಲ್ವಾ?

ಸೀನ ಮಾವ: ಯಾವಾಗಲೋ ಬಿಟ್ಟಾಯಿತು. ಹೆಸರು ಮಾತ್ರ ಉಳಿದಿತ್ತು.

ಪಲ್ಲವಿ: ಸರಿ. "22 ಕ್ಯಾರೆಟ್, 916 ಹಾಲ್‌ಮಾರ್ಕ್. ಪ್ರತಿ ಒಡವೆಗೂ ತನ್ನದೇ ಎಚ್‌ಯುಐಡಿ." ಆಯಿತಾ? ಹಾರದ ಕೊಂಡಿಯ ಮೇಲಿನ ಮುದ್ರೆಯನ್ನೇ ತುಂಬಾ ಹತ್ತಿರದಿಂದ ಫೋಟೊ ತೆಗೆದು ಪಕ್ಕದಲ್ಲಿ ಹಾಕುತ್ತೇನೆ. ಚಿನ್ನದ ಮೇಲೆ ಲೇಸರಿನಲ್ಲಿ ಕೊರೆದ ಅಕ್ಷರ, ಸಖತ್ತಾಗಿ ಕಾಣುತ್ತದೆ.

ನಾನು: ಇದು ಒಳ್ಳೇ ಐಡಿಯಾ. ಸರ್ಕಾರದ ಮಾನಕ ಸಂಸ್ಥೆ ಬಿಐಎಸ್ ಮುದ್ರೆ, 22K916, ಆಮೇಲೆ ಒಂದೊಂದು ಒಡವೆಗೂ ಬೇರೆಯೇ ಇರುವ ಆರು ಅಕ್ಷರ-ಅಂಕಿಯ ಗುರುತಿನ ಸಂಖ್ಯೆಯಾದ ಎಚ್‌ಯುಐಡಿ, ಈ ಮೂರೂ ಕಾಣಲಿ. ಆದರೆ ಎಚ್‌ಯುಐಡಿಯ ಕೊನೆಯ ಎರಡು ಅಕ್ಷರ ಮಸುಕು ಮಾಡು. ನಿಜವಾದ ಸಂಖ್ಯೆ ಪೇಪರಿನಲ್ಲಿ ಪೂರ್ತಿ ಬಂದರೆ ಯಾರೋ ಕಳಪೆ ಹಾರದ ಮೇಲೆ ಅದನ್ನೇ ಕೊರೆದುಬಿಡಬಹುದು. ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದರೆ ಅದೂ ಸರಿ ಅಂತಲೇ ಬರುತ್ತದೆ.

ಇನ್ನೊಂದು. "ಪ್ರತಿ ಒಡವೆಗೂ" ಬೇಡ, "ಪ್ರತಿ ಹಾರಕ್ಕೂ" ಅನ್ನು. ನಿನ್ನ ಹುಡುಗಿ ಹಾಕಿರುವ ಮೂಗುಬೊಟ್ಟು 2 ಗ್ರಾಂಗಿಂತ ಕಡಿಮೆ. ಅಂಥದ್ದಕ್ಕೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ, ಮಾವ ಮಾಡಿಸುವುದೂ ಇಲ್ಲ.

ಶಾರದ ದೊಡ್ಡಮ್ಮ: ಆ್ಯಪಿನಲ್ಲಿ ಏನು ನೋಡಬೇಕೋ?

ನಾನು: ಸಂಖ್ಯೆ ಹಾಕಿದರೆ ಮುದ್ರೆ ಹಾಕಿಸಿದ ಅಂಗಡಿ, ಪರೀಕ್ಷೆ ಮಾಡಿದ ಕೇಂದ್ರ, ಶುದ್ಧತೆ, ಯಾವ ಬಗೆಯ ಒಡವೆ ಎಲ್ಲ ಬರುತ್ತದೆ ದೊಡ್ಡಮ್ಮ. ಕೈಯಲ್ಲಿ ಹಾರ ಇದ್ದು ಆ್ಯಪ್ "ಉಂಗುರ" ಅಂತ ತೋರಿಸಿದರೆ ಕೊಳ್ಳಬೇಡಿ.

ಕಿರಣ: ಬೈಬ್ಯಾಕ್‌ಗೆ ಬನ್ನಿ. 100% ಯಾವುದರದ್ದು ಮಾವ?

ಸೀನ ಮಾವ: ಚಿನ್ನದ್ದು. ಇನ್ಯಾವುದರದ್ದು?

ಕಿರಣ: ಓದುವವರು ಬಿಲ್ಲಿನದ್ದು ಅಂದುಕೊಳ್ಳುತ್ತಾರೆ. ಅಮ್ಮ 2,33,810 ಕೊಟ್ಟು ಹಾರ ತಗೊಂಡು, ಅದೇ ವಾರ ವಾಪಸ್ ತಂದರೆ? ದರ ಬದಲಾಗಿಲ್ಲ ಅಂತಿಟ್ಟುಕೊಳ್ಳಿ.

ಸೀನ ಮಾವ: ಬೇರೆ ಒಡವೆ ತಗೊಂಡರೆ 20 ಗ್ರಾಂಗೆ ಪೂರ್ತಿ 2,00,000 ಕೊಡುತ್ತೇನೆ. ದುಡ್ಡೇ ಬೇಕು ಅಂದರೆ ಶೇ. 2 ಕಡಿತ, 1,96,000 ಖಾತೆಗೆ ಹಾಕುತ್ತೇನೆ. ಮಜೂರಿ, ಕಲ್ಲು, ಜಿಎಸ್‌ಟಿ ಯಾರೂ ವಾಪಸ್ ಕೊಡುವುದಿಲ್ಲ.

ಶಾರದ ದೊಡ್ಡಮ್ಮ: ಅಂದರೆ 37,810 ಹೋಯಿತು! ಇದನ್ನು ನೂರಕ್ಕೆ ನೂರು ಅಂತೀಯಲ್ಲೋ.

ಸೀನ ಮಾವ: ಅಕ್ಕಾ, ಇಡೀ ಬಸವನಗುಡಿಯಲ್ಲಿ ಇದಕ್ಕಿಂತ ಒಳ್ಳೇ ಲೆಕ್ಕ ಕೊಡುವವರನ್ನು ತೋರಿಸು.

ನಾನು: ಅದೇ ಮಾವ, ನಿಮ್ಮ ಷರತ್ತು ಒಳ್ಳೆಯದೇ ಇದೆ. "100%" ಅನ್ನುವ ಮಾತು ಅದನ್ನು ಮುಚ್ಚಿಬಿಟ್ಟಿದೆ. ವಾಪಸ್ ತಂದಾಗ ನೀವು ಹಾಕುವ ದರ ಅಂದರೆ ಅಂದು ಬೋರ್ಡಿನ ಮೇಲೆ ಮಾರಾಟಕ್ಕೆ ಬರೆದಿರುವ ದರವಾ, ಹಳೇ ಚಿನ್ನ ಕೊಳ್ಳುವ ಬೇರೆ ದರವಾ? ಎಷ್ಟೋ ಕಡೆ ಎರಡನೆಯದು ಕಡಿಮೆ ಇರುತ್ತದೆ.

ಸೀನ ಮಾವ: ನಮ್ಮದು ಒಂದೇ ಬೋರ್ಡು. ನಮ್ಮ ಬಿಲ್ ಇದ್ದರೆ ಮಾರಾಟದ ದರವೇ. ಕರಗಿಸುವುದೂ ಇಲ್ಲ.

ಕಿರಣ: ಇದನ್ನು ಯಾಕೆ ದೊಡ್ಡದಾಗಿ ಹಾಕಿಲ್ಲ? ಎದುರಿನ ಅಂಗಡಿಯವರು ಬರೆಯೋಕೆ ಆಗದ ಸಾಲು ಇದು.

(ಮಾವ ಹದಿನೈದು ನಿಮಿಷ ಸುಮ್ಮನಿದ್ದರು. ಅಂಗಡಿಯಲ್ಲಿ ಗಿರಾಕಿ ಇದ್ದರೋ, ಕೋಪವೋ ಗೊತ್ತಿಲ್ಲ.)

ಪಲ್ಲವಿ: ಹೊಸದು ಮಾಡಿದ್ದೇನೆ. ಹುಡುಗಿ, ದೀಪ, ಸೀರೆ ಯಾವುದನ್ನೂ ಮುಟ್ಟಿಲ್ಲ. ನಕ್ಷತ್ರ ಚಿಹ್ನೆ ಒಂದೂ ಇಲ್ಲ. ಅಕ್ಷರ ಎರಡೇ ಅಳತೆ, ಶೈಲಿ ಒಂದೇ. ಕೆಳಗಿನ ಮೂರು ವಿಷಯ ಹಾರದ ಎಳೆಯ ಹಾಗೆ ಬಾಗಿ ಬಂದಿವೆ, ಬಂಗಾರದ ಬಣ್ಣದಲ್ಲಿ.

"ಕಳಶಕ್ಕೆ ಹೂವಿನ ಹಾರ. ನಿಮಗೆ ಚಿನ್ನದ್ದು.

ಹಬ್ಬಕ್ಕೆ ಹಾರಗಳ ಮಜೂರಿ ಶೇ. 16ರಿಂದ ಶೇ. 12ಕ್ಕೆ. ವೇಸ್ಟೇಜ್ ಅದರಲ್ಲೇ ಸೇರಿದೆ. ಕಲ್ಲು, ಹಾಲ್‌ಮಾರ್ಕ್ ಶುಲ್ಕ, ಜಿಎಸ್‌ಟಿ ಬೇರೆ.

22 ಕ್ಯಾರೆಟ್, 916 ಹಾಲ್‌ಮಾರ್ಕ್. ಪ್ರತಿ ಹಾರಕ್ಕೂ ತನ್ನದೇ ಎಚ್‌ಯುಐಡಿ.

ನಮ್ಮ ಬಿಲ್ಲಿನ ಹಾರ ತನ್ನಿ. ಬೇರೆ ಒಡವೆಗೆ ಬದಲಿಸಿದರೆ ಚಿನ್ನದ ನಿವ್ವಳ ತೂಕಕ್ಕೆ ಅಂದಿನ ಮಾರಾಟದ ದರ ಪೂರ್ತಿ. ಹಣ ಬೇಕಾದರೆ ಶೇ. 2 ಕಡಿತ. ಮಜೂರಿ, ಕಲ್ಲು, ತೆರಿಗೆ ಮರಳಿ ಬರುವುದಿಲ್ಲ."

ಶಾರದ ದೊಡ್ಡಮ್ಮ: ಮೊದಲ ಸಾಲು ನನಗೆ ತುಂಬಾ ಹಿಡಿಸಿತು ಪುಟ್ಟಿ. ಉಳಿದದ್ದೂ ಕನ್ನಡಕ ಇಲ್ಲದೆ ಓದಿದೆ.

ಸೀನ ಮಾವ: ಕೊನೆ ಸಾಲು ಬೇಕಾ? "ಮರಳಿ ಬರುವುದಿಲ್ಲ" ಅಂತ ಹಬ್ಬದ ದಿನ ಯಾರಾದರೂ ಬರೆಯುತ್ತಾರಾ?

ಕಿರಣ: ಬೇಕು ಮಾವ. ಅದಿಲ್ಲದಿದ್ದರೆ "ಪೂರ್ತಿ" ಅನ್ನುವ ಮಾತು ಮತ್ತೆ ಬಿಲ್ಲಿನ ಮೊತ್ತಕ್ಕೆ ಅಂಟಿಕೊಳ್ಳುತ್ತದೆ.

ಪಲ್ಲವಿ: "ಮಜೂರಿ, ಕಲ್ಲು, ತೆರಿಗೆ ಬಿಟ್ಟು" ಅಂತ ಮೇಲಿನ ವಾಕ್ಯಕ್ಕೇ ಸೇರಿಸಲಾ ಅಪ್ಪಾ? ಇಲ್ಲ ಅನ್ನುವ ಮಾತು ಹೋಗುತ್ತದೆ, ವಿಷಯ ಉಳಿಯುತ್ತದೆ.

ಸೀನ ಮಾವ: ಹಾಗೆ ಮಾಡು. ಆದರೆ ಎದುರಿನವನ ಸೊನ್ನೆ ನೋಡಿ ಬಂದವರು ಕೇಳಿದರೆ?

ನಾನು: "ಅಲ್ಲಿ ವೇಸ್ಟೇಜ್ ಎಷ್ಟು ಅಂತ ಕೇಳಿಕೊಂಡು ಬನ್ನಿ" ಅನ್ನಿ. ಎರಡೂ ಕಡೆ ಅದೇ ನಿವ್ವಳ ತೂಕಕ್ಕೆ ಜಿಎಸ್‌ಟಿ ಸೇರಿ ಒಟ್ಟು ಎಷ್ಟು ಅಂತ ಚೀಟಿಯಲ್ಲಿ ಬರೆಸಿಕೊಳ್ಳಲಿ. ಕೌಂಟರಿನ ಹುಡುಗರಿಗೂ ಇವತ್ತೇ ಹೇಳಿಬಿಡಿ, ಅವರು ಬಾಯಲ್ಲಿ ಮತ್ತೆ "ಮಜೂರಿ ಸೊನ್ನೆ" ಅಂದರೆ ಇಷ್ಟೂ ದಂಡ.

ಸೀನ ಮಾವ: ಆಯಿತು. ಬಿಲ್ಲಿನ ಸಾಫ್ಟ್‌ವೇರಿನಲ್ಲೂ ಎರಡು ಸಾಲು ಒಂದು ಮಾಡಿಸಬೇಕು. ಪಲ್ಲವಿ, ಆಫರ್ ಯಾವ ದಿನದವರೆಗೆ ಅಂತಲೇ ಹಾಕಿಲ್ಲವಲ್ಲ. ಹಬ್ಬದ ಶುಕ್ರವಾರ ರಾತ್ರಿ ಅಂಗಡಿ ಮುಚ್ಚುವವರೆಗೆ ಅಂತ ಸೇರಿಸಿ ಕಳಿಸು. ಅಕ್ಕಾ, ಹಾರ ತೆಗೆದಿಡಲಾ?

ಶಾರದ ದೊಡ್ಡಮ್ಮ: ಇಡು. ಕಲ್ಲಿಗೆ ಮೂರು ಸಾವಿರ ಜಾಸ್ತಿ ಆಯಿತು ಕಣೋ, ಅದು ಅಂಗಡಿಗೆ ಬಂದು ಮಾತಾಡುತ್ತೇನೆ.