ಸಹಾಯ ಬೇಕು: ಭಾಜಕವನ್ನು ಅರ್ಧ ಮಾಡಿದರೂ ಶೇಷ ಯಾಕೆ ಬದಲಾಗಲ್ಲ?

ಎಲ್ಲರಿಗೂ ನಮಸ್ಕಾರ. ಗಣಿತ ಮೇಷ್ಟ್ರು ಯಾರಾದರೂ ಇದ್ದರೆ ದಯವಿಟ್ಟು ನೋಡಿ. ಮಗಳಿಗೆ ಬಹುಪದೋಕ್ತಿಗಳ ಭಾಗಾಕಾರ ಹೇಳಿಕೊಡುತ್ತಿದ್ದೇನೆ. ಲೆಕ್ಕ ಇದು: 2x³ + 3x² − 8x − 7 ಅನ್ನು 2x + 3 ರಿಂದ ಭಾಗಿಸಬೇಕು.

ಮೊದಲು x² ಬರುತ್ತದೆ. x²(2x + 3) ಕಳೆದರೆ ಮೊದಲ ಎರಡೂ ಪದ ಹೋಗಿ −8x − 7 ಉಳಿಯುತ್ತದೆ. ಮುಂದಿನದು −4. ಅದರ ಗುಣಲಬ್ಧ −8x − 12 ಕಳೆದರೆ ಶೇಷ 5. x = −3/2 ಹಾಕಿದರೂ 5 ಬರುತ್ತದೆ. ಶೇಷ ಸೊನ್ನೆ ಅಲ್ಲ, ಹಾಗಾಗಿ 2x + 3 ಅಪವರ್ತನ ಅಲ್ಲ. ಕೊನೆಯ −7 ಬದಲು −12 ಇದ್ದಿದ್ದರೆ ಸರಿಯಾಗಿ ಭಾಗವಾಗುತ್ತಿತ್ತು. ಇಲ್ಲಿವರೆಗೆ ತಕರಾರಿಲ್ಲ.

ಅವಳು ಅದನ್ನೇ x + 3/2 ರಿಂದ ಭಾಗಿಸಿದಳು. ಭಾಗಲಬ್ಧ x² − 4 ಇದ್ದದ್ದು 2x² − 8 ಆಯಿತು, ಶೇಷ ಮಾತ್ರ 5 ಆಗಿಯೇ ಉಳಿಯಿತು. "17 ಅನ್ನು 6 ರಿಂದ ಭಾಗಿಸಿದರೆ ಶೇಷ 5, 3 ರಿಂದ ಭಾಗಿಸಿದರೆ 2. ಅಲ್ಲಿ ಬದಲಾಗತ್ತೆ, ಇಲ್ಲಿ ಯಾಕಿಲ್ಲ?" ಅನ್ನುತ್ತಾಳೆ. ಒಳ್ಳೆ ಪ್ರಶ್ನೆಯೇ, ಅಲ್ವಾ?

ನನ್ನ ಊಹೆ ಹೀಗಿದೆ. 17 = 3 × 4 + 5 ಅಂತ ಬರೆದರೆ 5 ರಲ್ಲಿ ಇನ್ನೊಂದು 3 ಇದೆ, ಅದನ್ನೂ ತೆಗೆಯಬೇಕು. ಬಹುಪದೋಕ್ತಿಯಲ್ಲಿ ಶೇಷದ ಘಾತ ಭಾಜಕದ ಘಾತಕ್ಕಿಂತ ಕಡಿಮೆ ಇದ್ದರೆ ಸಾಕು. 5 ರಲ್ಲಿ x ಇಲ್ಲವಲ್ಲ, ಅಲ್ಲಿಗೇ ನಿಲ್ಲಬೇಕು. ಈ ವಿವರಣೆ ಸರಿಯೇ?

ಇನ್ನೊಂದು. ಭಾಜ್ಯ, ಭಾಜಕ ಎರಡನ್ನೂ ಅರ್ಧ ಮಾಡಿದರೆ ಶೇಷ 5/2 ಬರುತ್ತದೆ. ಅಪವರ್ತನ ಹೌದೋ ಅಲ್ಲವೋ ಅಂತಷ್ಟೇ ಕೇಳಿದ್ದರೆ ಪರೀಕ್ಷೆಯಲ್ಲಿ ಹೀಗೆ ಮಾಡಬಹುದಾ?