ಪದಚರ್ಚೆ: ದರ ಹುಡುಕಿ ಸಿಗದಿದ್ದಾಗ ಖಾನೆಯಲ್ಲಿ ಏನೆಂದು ಬರೆಯೋಣ?

ಹೊಸನಗರದಿಂದ, ಸೊಸೈಟಿಯ ಲೆಕ್ಕ ಬರೆಯುವವಳು

ಎಲ್ಲರಿಗೂ ನಮಸ್ಕಾರ. ನಾಡಿದ್ದು ಸದಸ್ಯರ ಸಭೆ. ಅಡಿಕೆ ಕೊಟ್ಟವರ ಪಟ್ಟಿ ಪ್ರಿಂಟ್ ಮಾಡಿ ಗೋಡೆಗೆ ಹಚ್ಚಬೇಕು. ಒಟ್ಟು 62 ರಸೀದಿ. ಎಕ್ಸೆಲ್ ಹಾಳೆಯಲ್ಲಿ ಸರಕು, ಬೆಟ್ಟೆ, ಗೊರಬಲು, ರಾಶಿ ಅಂತ ಅಡಿಕೆಯ ಜಾತಿ ಬರೆದರೆ, ಪಕ್ಕದ ಕೋಷ್ಟಕದಿಂದ ದರ ತಾನಾಗಿ ಬರುತ್ತದೆ. ಮೂರು ಸಾಲಿನಲ್ಲಿ ಮಾತ್ರ `#N/A` ಅಂತ ಬರುತ್ತಿತ್ತು. ಊರಿನ ಹಿರಿಯರು ಅದನ್ನು ಓದಿ ಏನು ತಿಳಿಯಬೇಕು? ಹಾಗಾಗಿ ಖಾಲಿ ಕಾಣುವ ಹಾಗೆ ಮಾಡಿದೆ:

```
=IFERROR(VLOOKUP(B2,$H$2:$J$9,3,FALSE),"")
```

ಈಗ ಖಾಲಿ ಬಿಟ್ಟರೆ "ನನ್ನ ದರ ಎಲ್ಲಿ" ಅಂತ ಕೇಳುತ್ತಾರೆ. ಒಂದು ಕನ್ನಡ ಮಾತು ಬೇಕು. "ದೋಷ" ಅಂದರೆ ಅವರ ಅಡಿಕೆಯಲ್ಲೇ ದೋಷ ಅಂದುಕೊಳ್ಳುತ್ತಾರೆ. "ಲಭ್ಯವಿಲ್ಲ" ಸರಿಯಾದೀತಾ? ನಾಳೆ ಸಂಜೆಯೊಳಗೆ ಹೇಳಿದರೆ ಉಪಕಾರ.

ಸಾಗರದಿಂದ, ನಿವೃತ್ತ ಕನ್ನಡ ಮೇಷ್ಟ್ರು

"ಲಭ್ಯ" ಬೇಡ, ಸಂಸ್ಕೃತ. "ದರ" ಕೂಡ ನಮ್ಮದಲ್ಲ. ನಮ್ಮ ಮಾತು "ಬೆಲೆ". ತಮಿಳಿನಲ್ಲಿ "ವಿಲೈ", ಅಲ್ಲಿ ವಕಾರ ಇದ್ದ ಕಡೆ ನಮಗೆ ಬಕಾರ. "ಬೆಲೆ ಇಲ್ಲ" ಎಂದು ಬರೆಯಿರಿ. ಚಿಕ್ಕದು, ಚೊಕ್ಕ. "ಖಾಲಿ" ಎಂದು ಬರೆದಿದ್ದೀರಿ, ಅದು ಅರಬ್ಬಿಯದು. "ಬರಿದು" ಇದೆಯಲ್ಲ.

ಭದ್ರಾವತಿಯಿಂದ, ಶಾಲೆಯ ಟೀಚರ್

ನನಗೂ ಇದೇ ಆಗಿತ್ತು. ಅಂಕಪಟ್ಟಿಯಲ್ಲಿ ಪರೀಕ್ಷೆಗೆ ಬರದ ಮಕ್ಕಳಿಗೆ `IFERROR` ಹಾಕಿ 0 ಬರುವ ಹಾಗೆ ಮಾಡಿದ್ದೆ. ತರಗತಿಯ ಸರಾಸರಿ ಇಳಿದುಬಿಟ್ಟಿತು. ಬರದೇ ಇದ್ದ ಮಗು ಸೊನ್ನೆ ತೆಗೆದ ಹಾಗೆ ಲೆಕ್ಕವಾಗಿತ್ತು. ಆಮೇಲೆ ಬರೀ `""` ಹಾಕಿದೆ. `AVERAGE` ಅದನ್ನು ಬಿಟ್ಟು ಲೆಕ್ಕ ಹಾಕುತ್ತದೆ. ಹಾಗಾಗಿ ನನ್ನ ಮಾತು: ಖಾಲಿಯೇ ಇರಲಿ. ಇಲ್ಲವಾದರೆ "ಗೈರುಹಾಜರು" ಅಂತ ಹಾಕಿ.

ಹೊಸನಗರ

ಟೀಚರ್, ಅಡಿಕೆ ಗೈರುಹಾಜರಾಗುವುದಿಲ್ಲ. ರೈತರು ತಂದು ಕೊಟ್ಟಿದ್ದಾರೆ, ತೂಕವೂ ಇದೆ. ದರ ಮಾತ್ರ ಬಂದಿಲ್ಲ.

ತೀರ್ಥಹಳ್ಳಿಯಿಂದ, ಮಂಡಿ ಲೆಕ್ಕ ನೋಡುವವನು

ಮೇಷ್ಟ್ರ "ಬೆಲೆ ಇಲ್ಲ" ಒಪ್ಪಲಾರೆ. ಅರ್ಥವೇ ಬದಲಾಗುತ್ತದೆ. "ಇಲ್ಲ" ಅಂದರೆ ಆ ಗೊರಬಲಿಗೆ ದರವೇ ನಿಗದಿಯಾಗಿಲ್ಲ ಎಂದಾಯಿತು. ಸೂತ್ರಕ್ಕೆ ಅಷ್ಟೆಲ್ಲ ಗೊತ್ತಿಲ್ಲ. ಕೋಷ್ಟಕದಲ್ಲಿ ಹುಡುಕಿತು, ಹೊಂದುವ ಸಾಲು ಕಾಣಲಿಲ್ಲ. ಅದಕ್ಕೆ ಗೊತ್ತಿರುವುದು ಅಷ್ಟೇ. ನಾವು ಬರೆಯುವ ಮಾತು ಅದಕ್ಕಿಂತ ಜಾಸ್ತಿ ಹೇಳಬಾರದು. "ಸಿಗಲಿಲ್ಲ" ಅಂದರೆ ಹುಡುಕಾಟ ಮುಗಿಯಿತು ಎಂಬ ದನಿ. "ಸಿಕ್ಕಿಲ್ಲ" ಅಂದರೆ ಇನ್ನೂ ನೋಡಬೇಕು, ಯಾರೋ ಸರಿಮಾಡಬೇಕು. ನಿಮಗೆ ಬೇಕಾದ್ದು "ದರ ಸಿಕ್ಕಿಲ್ಲ".

ಆದರೆ ಅಕ್ಕಾ, ಆ ಮಾತನ್ನು `IFERROR` ಒಳಗೆ ಹಾಕಿದರೆ ಅದೂ ಸುಳ್ಳಾಗಬಹುದು. ನಿಮ್ಮ ಕೋಷ್ಟಕದಲ್ಲಿ H ಜಾತಿ, J ದರ. ನಡುವಿನ I ಬಹುಶಃ ದಿನಾಂಕ. ನಾಳೆ ಯಾರಾದರೂ "ದಿನಾಂಕ ಯಾಕೆ" ಅಂತ ಆ ಕಂಬವನ್ನೇ ಅಳಿಸಿದರು ಅನ್ನಿ. `$H$2:$J$9` ತಾನಾಗಿ `$H$2:$I$9` ಆಗುತ್ತದೆ. 3 ಮಾತ್ರ 3 ಆಗಿಯೇ ಉಳಿಯುತ್ತದೆ. ಎರಡೇ ಕಂಬ ಇರುವ ಕಡೆ ಮೂರನೆಯದನ್ನು ಕೇಳಿದ ಹಾಗಾಯಿತು. ಆಗ ಬರುವುದು `#REF!`. ಅದು ಸೂತ್ರ ಮುರಿದ ಗುರುತು, ದರ ಸಿಗದ ಗುರುತಲ್ಲ. `IFERROR` ಎರಡನ್ನೂ ಒಂದೇ ಬಟ್ಟೆಯಲ್ಲಿ ಮುಚ್ಚುತ್ತದೆ. ಸೂತ್ರದ ಹೆಸರು ತಪ್ಪು ಟೈಪ್ ಮಾಡಿದಾಗ ಬರುವ `#NAME?` ಕೂಡ ಅದರಡಿಗೇ ಹೋಗುತ್ತದೆ. `#N/A` ಒಂದನ್ನೇ ಹಿಡಿಯುವುದು ಇದು:

```
=IFNA(VLOOKUP(B2,$H$2:$J$9,3,FALSE),"ದರ ಸಿಕ್ಕಿಲ್ಲ")
```

ಶಿವಮೊಗ್ಗದಿಂದ, ಕಂಪ್ಯೂಟರ್ ಅಂಗಡಿಯವನು

ಅಷ್ಟೇ ವಿಷಯ. `IFNA` ಹಾಕಿ, ಚಿಂತೆ ಬಿಡಿ. ಇನ್ನು ಏನೂ ಅಡಗುವುದಿಲ್ಲ.

ತೀರ್ಥಹಳ್ಳಿ

ಅರ್ಧ ಸರಿ. ಮುರಿದ ಸೂತ್ರ ಅಡಗುವುದಿಲ್ಲ, ನಿಜ. ಆದರೆ `#N/A` ಒಳಗೇ ಎರಡು ಸಂಗತಿ ಇವೆ. ಒಂದು, ಕೋಷ್ಟಕದಲ್ಲಿ ಆ ಜಾತಿ ನಿಜಕ್ಕೂ ಬರೆದಿಲ್ಲ. ಇನ್ನೊಂದು, ಬರೆದಿದೆ, ಆದರೆ ಎರಡು ಕಡೆಯ ಅಕ್ಷರ ಒಂದೇ ಅಲ್ಲ. ಎರಡಕ್ಕೂ ಅದೇ `#N/A`. ಇದನ್ನು `IFNA` ಬೇರ್ಪಡಿಸಲಾರದು. ಇನ್ನೊಂದು ವಿಷಯ: `IFERROR` ಎಕ್ಸೆಲ್ 2007ರಲ್ಲೇ ಇತ್ತು, `IFNA` ಬಂದದ್ದು 2013ರಲ್ಲಿ. ಹಳೆಯ ಕಂಪ್ಯೂಟರಿನಲ್ಲಿ ಅದೇ `#NAME?` ಆಗಿಬಿಡುತ್ತದೆ.

ಅಕ್ಕಾ, ಆ ಮೂರು ಸಾಲು ಯಾವ ಜಾತಿ? ಒಟ್ಟು ಮೊತ್ತ ಹೇಗೆ ಕೂಡಿಸಿದ್ದೀರಿ?

ಹೊಸನಗರ

ಮೂರೂ ಗೊರಬಲು. ಕೋಷ್ಟಕದಲ್ಲಿ ಗೊರಬಲು ಇದೆ, ಉಳಿದ ಗೊರಬಲು ಸಾಲುಗಳಿಗೆ ದರ ಬಂದಿದೆ. ಖಾಲಿ ಖಾನೆಗೆ ತೂಕ ಗುಣಿಸಿದಾಗ `#VALUE!` ಬಂತು. ಅದಕ್ಕೆ ಮೊತ್ತದ ಕಂಬಕ್ಕೂ `=IFERROR(C2*D2,0)` ಹಾಕಿದೆ. ಪಟ್ಟಿ ಚೊಕ್ಕವಾಗಿ ಕಾಣುತ್ತಿತ್ತು.

ತೀರ್ಥಹಳ್ಳಿ

ಅಲ್ಲೇ ಆಗಿರುವುದು ನೋಡಿ. ಮೊದಲ ಸೂತ್ರ ಮುಚ್ಚಿದ್ದನ್ನು ಎರಡನೆಯದು ಮತ್ತೆ ಹೇಳಿತ್ತು. ನೀವು ಅದನ್ನೂ ಮುಚ್ಚಿದಿರಿ. ಈಗ ಆ ಮೂವರ ಹಣ ಒಟ್ಟಿನಲ್ಲಿ ಸೊನ್ನೆ. ಮೂರರ ತೂಕ ಎಷ್ಟು?

ಹೊಸನಗರ

1.20, 0.80, 0.50 ಕ್ವಿಂಟಲ್. ಕೋಷ್ಟಕದಲ್ಲಿ ಗೊರಬಲಿಗೆ 30,000 ಹಾಕಿದ್ದೇನೆ. ಅಯ್ಯೋ, 75,000 ರೂಪಾಯಿ ಕಡಿಮೆ ಕೂಡಿದೆ.

ತೀರ್ಥಹಳ್ಳಿ

ಇನ್ನೊಂದು ನೋಡಿ. ಆ ಮೂರರಲ್ಲಿ ಒಂದು ಜಾತಿ ಖಾನೆಯನ್ನು ಆರಿಸಿ ಫಾಂಟ್ ಏರಿಯಲ್ ಮಾಡಿ.

ಹೊಸನಗರ

ಇಂಗ್ಲಿಷ್ ಅಕ್ಷರ, ಗುರುತು ಎಲ್ಲ ಕಲಸಿಹೋಗಿ ಬಂತು! ಅವು ನಮ್ಮ ಇನ್ನೊಬ್ಬ ಗುಮಾಸ್ತರು ಹಳೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಕಳಿಸಿದ ಸಾಲು.

ತೀರ್ಥಹಳ್ಳಿ

ಹಳೆ ನುಡಿ ಫಾಂಟಿನ ಬರಹ. ಆ ಫಾಂಟ್ ಇದ್ದಾಗ ಕಣ್ಣಿಗೆ "ಗೊರಬಲು" ಅಂತಲೇ ಕಾಣುತ್ತದೆ. ಒಳಗಿರುವುದು ಬೇರೆ ಅಕ್ಷರ. ಕೋಷ್ಟಕದ್ದು ಯೂನಿಕೋಡ್. ಹಾಗಾಗಿ ಎಂದೂ ಹೊಂದುವುದಿಲ್ಲ. ಆ ಮೂರು ಖಾನೆಯಲ್ಲಿ ಯೂನಿಕೋಡಿನಲ್ಲೇ ಮತ್ತೆ ಟೈಪ್ ಮಾಡಿ. ಕೊನೆಯಲ್ಲಿ ಒಂದು ಸ್ಪೇಸ್ ಉಳಿದರೂ ಹೀಗೇ ಆಗುತ್ತದೆ, ಅದನ್ನು `TRIM` ತೆಗೆಯುತ್ತದೆ. ಇದನ್ನು `TRIM` ಸರಿಮಾಡುವುದಿಲ್ಲ.

ಮೊತ್ತದ ಕಂಬದಲ್ಲಿ `IFERROR` ತೆಗೆದು `=IF(ISNUMBER(D2),C2*D2,"")` ಹಾಕಿ. ಒಟ್ಟು ಮೊತ್ತದ ಪಕ್ಕದಲ್ಲೇ ಇದನ್ನೂ ಇಡಿ:

```
=COUNTIF(D2:D63,"ದರ ಸಿಕ್ಕಿಲ್ಲ")
```

ಅದು 0 ಆಗುವ ತನಕ ಪ್ರಿಂಟ್ ಕೊಡಬೇಡಿ.

ಸಾಗರದ ಮೇಷ್ಟ್ರು

"ಸಿಕ್ಕಿಲ್ಲ" ಒಪ್ಪಿದೆ, ನನ್ನ "ಇಲ್ಲ" ಸರಿಯಿರಲಿಲ್ಲ. "ದರ" ಒಪ್ಪಿಲ್ಲ. "ಬೆಲೆ ಸಿಕ್ಕಿಲ್ಲ" ಆಗಬೇಕು.

ತೀರ್ಥಹಳ್ಳಿ

ಆಗದು, ಮೇಷ್ಟ್ರೆ. ಅಡಿಕೆಯವರಿಗೆ "ಬೆಲೆ ಸಿಕ್ಕಿಲ್ಲ" ಅಂದರೆ ಒಳ್ಳೆ ರೇಟು ಬರಲಿಲ್ಲ ಅಂತಲೇ ಅರ್ಥ. ಸಭೆಯಲ್ಲಿ ಜಗಳವಾಗುತ್ತದೆ. ಕ್ವಿಂಟಲಿಗೆ ಇಷ್ಟು ಅನ್ನುವುದಕ್ಕೆ "ದರ" ಅಂತಲೇ ಹೇಳುತ್ತೇವೆ.

ಸಾಗರದ ಮೇಷ್ಟ್ರು

ಹೇಳುತ್ತೇವೆ ಎಂದ ಮಾತ್ರಕ್ಕೆ ನಮ್ಮದಾಗುವುದಿಲ್ಲ. ಹೀಗೇ ಒಂದೊಂದನ್ನೇ ಬಿಟ್ಟುಕೊಟ್ಟೆವು.

ಭದ್ರಾವತಿಯ ಟೀಚರ್

ಸಾರ್, ರಸೀದಿ, ಬಾಕಿ, ಗುಮಾಸ್ತ ಎಲ್ಲ ಹೊರಗಿನವೇ. ನನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಆದರೂ "ಬಾಕಿ" ಅನ್ನುತ್ತಿದ್ದರು. ಅವರ ಕನ್ನಡ ಕನ್ನಡವಲ್ಲ ಅಂತೀರಾ?

ಸಾಗರದ ಮೇಷ್ಟ್ರು

ಹಾಗೆ ಅಂದಿಲ್ಲ. ಇದ್ದ ಮಾತನ್ನು ತಳ್ಳಿ ಬಂದದ್ದು ಬೇರೆ, ಇಲ್ಲದ ಕಡೆ ಬಂದದ್ದು ಬೇರೆ. "ಬರಿದು" ಇದ್ದೂ "ಖಾಲಿ" ಯಾಕೆ?

ಹೊಸನಗರ

ಮೂರು ಸಾಲು ಮತ್ತೆ ಟೈಪ್ ಮಾಡಿದೆ. 75,000 ಸೇರಿತು, ಎಣಿಕೆ 0 ಬಂತು. ಈಗ ಪಟ್ಟಿಯಲ್ಲಿ "ದರ ಸಿಕ್ಕಿಲ್ಲ" ಒಂದು ಕಡೆಯೂ ಇಲ್ಲ, ಸೂತ್ರದಲ್ಲಿ ಹಾಗೇ ಬಿಟ್ಟಿದ್ದೇನೆ. ಟೀಚರ್ ಹೇಳಿದ ಖಾಲಿ ಅಂಕಪಟ್ಟಿಗೆ ಸರಿ ಇರಬಹುದು, ಇಲ್ಲಿ ಬೇಡ ಅನಿಸಿತು. ಆ ಎಣಿಕೆಯ ಖಾನೆಗೆ ಒಂದು ತಲೆಬರಹ ಬೇಕಿತ್ತು. ಸದ್ಯಕ್ಕೆ "ದರ ನೋಡಬೇಕಾದ ಸಾಲು" ಅಂತ ಹಾಕಿದ್ದೇನೆ. ಇದಕ್ಕಿಂತ ಚಿಕ್ಕದು ಇದೆಯಾ?