ಸ್ಲ್ಯಾಬ್ ಆಸರೆ ಇರುವ ಬೇಸ್‌ಮೆಂಟ್ ಗೋಡೆ: ಮೊಮೆಂಟ್ 95 ಹಿಡಿಯಬೇಕಾ?

ಪ್ರಶ್ನೆ (ಡಿಸೈನ್ ಕೆಲಸಕ್ಕೆ ಸೇರಿ ಒಂದು ವರ್ಷ, ಬೆಂಗಳೂರು): ಒಂದೇ ಬೇಸ್‌ಮೆಂಟ್ ಇರುವ ಕಟ್ಟಡ. ರಾಫ್ಟ್‌ನಿಂದ ಗ್ರೌಂಡ್ ಫ್ಲೋರ್ ಸ್ಲ್ಯಾಬ್‌ವರೆಗೆ 3.5 ಮೀ., ಗೋಡೆ 250 ಮಿ.ಮೀ. ದಪ್ಪ. ಮಣ್ಣಿನ ತೂಕ ಘನ ಮೀಟರಿಗೆ 18 ಕಿಲೋನ್ಯೂಟನ್, φ 30 ಡಿಗ್ರಿ. ಗೋಡೆಗೆ ಅಂಟಿಕೊಂಡೇ ಡ್ರೈವ್‌ವೇ ಇದೆ, ಅದಕ್ಕೆ ಸರ್ಚಾರ್ಜ್ 10 ಹಿಡಿದೆ. ಮಣ್ಣಿನ ಅಡ್ಡ ಒತ್ತಡದ ಗುಣಾಂಕ K 0.5 ಹಿಡಿದು, ಕ್ಯಾಂಟಿಲಿವರ್ ಅಂತ ಲೆಕ್ಕ ಹಾಕಿದರೆ ಬುಡದಲ್ಲಿ ಮೊಮೆಂಟ್ 95 ಬರ್ತಿದೆ. ನಮ್ಮ ಸೀನಿಯರ್ "ಸ್ಲ್ಯಾಬ್ ಎಲ್ಲಿ ಹೋಯ್ತು?" ಅಂದರು. ಸ್ಲ್ಯಾಬನ್ನು ಲೆಕ್ಕಕ್ಕೆ ತರೋದು ಹೇಗೆ?

ಸೈಟ್ ಎಂಜಿನಿಯರ್, ತುಮಕೂರು: ನೀವು K 0.5 ಹಿಡಿದಿರೋದೇ ಜಾಸ್ತಿ ಆಯ್ತು. ರಿಟೇನಿಂಗ್ ವಾಲ್‌ಗೆ ಆಕ್ಟಿವ್ ಪ್ರೆಷರ್, ಅಂದ್ರೆ ಮೂರರಲ್ಲೊಂದು. ಅದನ್ನು ಹಾಕಿ, 63ಕ್ಕೆ ಇಳಿಯುತ್ತೆ. ನಾವು ಯಾವಾಗಲೂ ಹಾಗೇ ಮಾಡೋದು.

ಸ್ಟ್ರಕ್ಚರಲ್ ಕನ್ಸಲ್ಟೆಂಟ್, ಬೆಂಗಳೂರು: ತುಮಕೂರಿನವರು ಹೇಳಿದ ಮೂರರಲ್ಲೊಂದು ಸ್ವತಂತ್ರವಾಗಿ ನಿಂತ ಗೋಡೆಗೆ ಸರಿ. ಗೋಡೆ ಮುಂದಕ್ಕೆ ಸ್ವಲ್ಪ ವಾಲಿದಾಗ ಮಾತ್ರ ಮಣ್ಣಿನ ಒತ್ತಡ ಅಷ್ಟಕ್ಕೆ ಇಳಿಯುತ್ತದೆ. ಗಟ್ಟಿ ಮರಳಿಗೂ ಎತ್ತರದ ಸಾವಿರದಲ್ಲೊಂದು ಭಾಗ, ಅಂದರೆ ಇಲ್ಲಿ ಮೂರೂವರೆ ಮಿ.ಮೀ.ನಷ್ಟಾದರೂ ತಲೆ ಸರಿಯಬೇಕು. ಸ್ಲ್ಯಾಬ್ ಹಿಡಿದಿರುವಾಗ ಅದು ಸರಿಯುವುದಿಲ್ಲ. ಹಾಗಾಗಿ ಪ್ರಶ್ನೆ ಕೇಳಿದವರ 0.5 ಸರಿ. ತಪ್ಪಿರುವುದು ಗೋಡೆ ನಿಂತಿರುವ ರೀತಿಯನ್ನು ಊಹಿಸಿಕೊಂಡದ್ದರಲ್ಲಿ.

ಮಣ್ಣಿನ ಒತ್ತಡ ತ್ರಿಕೋನ, ವಾಹನದ್ದು ಮೇಲಿಂದ ಕೆಳಗೆ ಒಂದೇ ಸಮ. ಎರಡನ್ನೂ ಬೇರೆ ಬೇರೆ ಹಾಕಿ ಕೂಡಿಸಿ. ಬುಡ ಫಿಕ್ಸೆಡ್, ತಲೆ ಪಿನ್:

```
p = 0.5 x 18 x 3.5 = 31.5 kN/m2
q = 0.5 x 10 = 5 kN/m2
M_base = pH^2/15 + qH^2/8 = 25.7 + 7.7 = 33.4 kNm/m
R_top = pH/10 + 3qH/8 = 11.0 + 6.6 = 17.6 kN/m
```

ತಲೆಯಿಂದ ಸುಮಾರು 1.5 ಮೀ. ಕೆಳಗೆ ಶಿಯರ್ ಸೊನ್ನೆಯಾಗುತ್ತದೆ, ಅಲ್ಲಿ ಮೊಮೆಂಟ್ 15.7. ಇದು ಬುಡದ್ದಕ್ಕೆ ಉಲ್ಟಾ. ಬುಡದಲ್ಲಿ ಎಳೆತ ಮಣ್ಣಿನ ಬದಿಗೆ, ನಡುವೆ ಎಳೆತ ಒಳಬದಿಗೆ. ಡ್ರಾಯಿಂಗ್‌ನಲ್ಲಿ ಯಾವ ಮುಖಕ್ಕೆ ಯಾವ ಕಂಬಿ ಅಂತ ದೊಡ್ಡದಾಗಿ ಬರೆಯಿರಿ. ಬಾರ್ ಬೆಂಡರ್ ಮುಖ ಅದಲುಬದಲು ಮಾಡಿದರೆ ಕಾಂಕ್ರೀಟ್ ಹಾಕಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ. ರಾಫ್ಟ್ ನಿಜವಾಗಿ ಅಷ್ಟು ಬಿಗಿಯಾಗಿ ಹಿಡಿಯುತ್ತಾ? ಅಂಚಿನಲ್ಲಿ ಸ್ವಲ್ಪ ತಿರುಗಿದರೆ?

ಸ್ಟ್ರಕ್ಚರಲ್ ಕನ್ಸಲ್ಟೆಂಟ್, ಬೆಂಗಳೂರು: ನಾನೂ ಪೂರ್ತಿ ನಂಬುವುದಿಲ್ಲ. ಎರಡೂ ತುದಿ ಪಿನ್ ಅಂತ ಇನ್ನೊಮ್ಮೆ ಹಾಕಿ ನೋಡಿ. ಬುಡದಲ್ಲಿ ಸೊನ್ನೆ, ನಡುವೆ 32.3, ಸ್ಲ್ಯಾಬ್ ಮೇಲೆ ಬೀಳುವ ತಳ್ಳು 27. ನಿಜ ಪರಿಸ್ಥಿತಿ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಫಿಕ್ಸೆಡ್ ಲೆಕ್ಕದ ಬುಡ, ಪಿನ್ ಲೆಕ್ಕದ ನಡು, ಎರಡೂ ಹೆಚ್ಚುಕಡಿಮೆ ಒಂದೇ ಆದದ್ದು ನಿಮ್ಮ ಅದೃಷ್ಟ. 1.5 ಫ್ಯಾಕ್ಟರ್ ಸೇರಿದರೆ 50ರ ಆಸುಪಾಸು. ಎಂ25, ಎಫ್‌ಇ500, ಪರಿಣಾಮಕಾರಿ ಆಳ 200 ಇದ್ದರೆ 12 ಮಿ.ಮೀ. ಕಂಬಿ 175ಕ್ಕೊಂದರಂತೆ ಎರಡೂ ಮುಖಕ್ಕೆ ಹಾಕಿದರೆ ಬಲಕ್ಕೆ ಸಾಕು. ಬಿರುಕಿನ ಅಗಲ ಬೇರೆಯಾಗಿ ನೋಡಿಕೊಳ್ಳಿ.

ಮನೆ ಕಟ್ಟಿಸುತ್ತಿರುವವರು, ಮೈಸೂರು: ನಮ್ಮ ಬೇಸ್‌ಮೆಂಟ್ ಗೋಡೆಯಲ್ಲೂ ಮಳೆಗಾಲದಲ್ಲಿ ಒರತೆ. ಯಾವ ವಾಟರ್‌ಪ್ರೂಫಿಂಗ್ ಒಳ್ಳೆಯದು ಹೇಳ್ತೀರಾ?

ಸ್ಟ್ರಕ್ಚರಲ್ ಕನ್ಸಲ್ಟೆಂಟ್, ಬೆಂಗಳೂರು: ಸರ್, ಅದು ಬೇರೆ ವಿಷಯ, ಆದರೆ ನೀವು ನೆನಪಿಸಿದ್ದು ಒಳ್ಳೆಯದಾಯ್ತು. ಮೇಲಿನ ಲೆಕ್ಕದಲ್ಲಿ ನೀರೇ ಇಲ್ಲ. ಗೋಡೆ ಹಿಂದೆ ನೀರು ತಲೆಯವರೆಗೆ ನಿಂತರೆ, ನೆನೆದ ಮಣ್ಣಿನ ತೂಕ 20 ಹಿಡಿದರೂ, ಬುಡದ ಒತ್ತಡ 31.5ರಿಂದ 52ರ ಹತ್ತಿರ ಏರುತ್ತದೆ. ಬುಡದ ಮೊಮೆಂಟ್ 33 ಇದ್ದದ್ದು 50, ಅದೂ ಫ್ಯಾಕ್ಟರ್ ಸೇರಿಸುವ ಮೊದಲು. ಹೋಲಿಕೆಗೆ, ವಾಹನದ ಸರ್ಚಾರ್ಜನ್ನು 10ರಿಂದ 20 ಮಾಡಿದರೂ 41 ಮಾತ್ರ. ನೀರಿನ ಟ್ಯಾಂಕರ್ ಬರುತ್ತಾ ಅಂತ ಎಲ್ಲರೂ ಕೇಳುತ್ತಾರೆ, ಮಳೆನೀರು ಹೊರಗೆ ಹೋಗಲು ದಾರಿ ಇದೆಯಾ ಅಂತ ಕೇಳುವವರು ಕಡಿಮೆ. ಡ್ರೈನ್ ಮೇಲೆ ನಂಬಿಕೆ ಇಲ್ಲದಿದ್ದರೆ ನೀರನ್ನೂ ಲೆಕ್ಕಕ್ಕೆ ಸೇರಿಸಿಯೇ ಡಿಸೈನ್ ಮಾಡಿ.

ಕಂಟ್ರಾಕ್ಟರ್, ಹುಬ್ಬಳ್ಳಿ: ನಂದೊಂದು ಅನುಭವ ಹೇಳ್ತೀನಿ. ಗೋಡೆ ಎದ್ದಿತ್ತು, ಸ್ಲ್ಯಾಬ್ ಇನ್ನೂ ಹಾಕಿರಲಿಲ್ಲ. ಜಾಗ ಇಕ್ಕಟ್ಟು, ಸೆಂಟ್ರಿಂಗ್ ಸಾಮಾನು ಇಡಾಕ ಜಾಗ ಬೇಕಂತ ಜೆಸಿಬಿಯಿಂದ ಪೂರ್ತಿ ಮಣ್ಣು ತುಂಬಿಸಿ ರೋಲರ್ ಹೊಡಿಸಿಬಿಟ್ಟೆ. ಗುಂಡು ಇಳಿಬಿಟ್ಟು ನೋಡಿದ್ರ ಗೋಡೆ ತಲೆ ಒಳಗ ವಾಲಿತ್ತು. ಒಳಗಿನಿಂದ ಬಿರುಕು ಏನೂ ಕಾಣಲಿಲ್ಲ. ಮಳೆ ಬಂದಾಗ ಬುಡದ ಜಾಯಿಂಟ್ ಉದ್ದಕ್ಕೂ ಒದ್ದೆ ಗೆರೆ. ಮಣ್ಣು ತೆಗೆಸಿ ನೋಡಿದ್ರ ಹಿಂದಿನ ಮುಖದಾಗ ಬಿರುಕು.

ಸ್ಟ್ರಕ್ಚರಲ್ ಕನ್ಸಲ್ಟೆಂಟ್, ಬೆಂಗಳೂರು: ಹೌದು ಸರ್, ಅವತ್ತು ನಿಮ್ಮ ಗೋಡೆ ಕ್ಯಾಂಟಿಲಿವರ್ ಆಗಿತ್ತು. ಎಳೆತ ಮಣ್ಣಿನ ಬದಿಗೆ, ಅದಕ್ಕೇ ಒಳಗಿನಿಂದ ಕಾಣಲಿಲ್ಲ. ಈ ಪ್ರಶ್ನೆಯ ಗೋಡೆಯನ್ನೇ ತೆಗೆದುಕೊಳ್ಳಿ. ವಾಲುವ ಗೋಡೆಗೆ ತುಮಕೂರಿನವರ ಮೂರರಲ್ಲೊಂದು ಒಪ್ಪುತ್ತದೆ. ಆಗ h ಮೀಟರ್ ಮಣ್ಣಿಗೆ ಬುಡದ ಮೊಮೆಂಟ್ ಸರಿಯಾಗಿ h³ ಬರುತ್ತದೆ. ಪೂರ್ತಿ ತುಂಬಿದರೆ 43, ಅಂದರೆ 33ಕ್ಕೆ ಮಾಡಿದ ಗೋಡೆಗೆ ಆಗಲೇ ಹೆಚ್ಚಾಯಿತು. ರೋಲರ್‌ಗೆ 10 ಸೇರಿಸಿದರೆ 63. ರೋಲರ್ ಸಮೇತ 33ರೊಳಗೆ ಇರಬೇಕೆಂದರೆ 2.75 ಮೀ. ದಾಟಬಾರದು. ನಾನು ಎರಡೂವರೆಗೇ ನಿಲ್ಲಿಸುತ್ತೇನೆ. ಉಳಿದದ್ದು ಸ್ಲ್ಯಾಬ್ ಬಲ ಬಂದ ಮೇಲೆ. ಈ ಮಾತು ಡ್ರಾಯಿಂಗ್ ನೋಟ್‌ನಲ್ಲೇ ಇರಲಿ.

ಸೈಟ್ ಎಂಜಿನಿಯರ್, ತುಮಕೂರು: ಒಪ್ಪಿದೆ ಮೇಡಂ. ಆದರೆ ಆ 17.6 ಎಲ್ಲಿಗೆ ಹೋಗುತ್ತೆ? ಸ್ಲ್ಯಾಬ್ ಗಾಳಿಯಲ್ಲಿ ನಿಂತಿಲ್ಲವಲ್ಲ.

ಸ್ಟ್ರಕ್ಚರಲ್ ಕನ್ಸಲ್ಟೆಂಟ್, ಬೆಂಗಳೂರು: ಒಳ್ಳೆಯ ಪ್ರಶ್ನೆ. ಎದುರು ಗೋಡೆಗೂ ಅಷ್ಟೇ ಮಣ್ಣಿದ್ದರೆ ಎರಡು ತಳ್ಳು ಸ್ಲ್ಯಾಬ್ ಒಳಗೇ ಒಂದನ್ನೊಂದು ನುಂಗುತ್ತವೆ. ಸೈಟ್ ಇಳಿಜಾರಾಗಿದ್ದು ಮಣ್ಣು ಒಂದೇ ಕಡೆ ಇದ್ದರೆ ಅಡ್ಡ ಗೋಡೆಗಳೋ ಶಿಯರ್ ವಾಲೋ ಅದನ್ನು ಕೆಳಗಿಳಿಸಬೇಕು.

ಪ್ರಶ್ನೆ ಕೇಳಿದವರು: ಪ್ಲಾನ್ ಮತ್ತೆ ತೆಗೆದು ನೋಡಿದೆ. ಒಂದು ಕಡೆ ರ‍್ಯಾಂಪ್ ಗೋಡೆ ಪಕ್ಕದಲ್ಲೇ ಇಳಿಯುತ್ತದೆ. ಆರು ಮೀಟರ್ ಉದ್ದಕ್ಕೆ ಅಲ್ಲಿ ಸ್ಲ್ಯಾಬೇ ಇಲ್ಲ!

ಸ್ಟ್ರಕ್ಚರಲ್ ಕನ್ಸಲ್ಟೆಂಟ್, ಬೆಂಗಳೂರು: ಆ ಆರು ಮೀಟರ್‌ಗೆ ಮೇಲಿನ ಲೆಕ್ಕ ಅನ್ವಯಿಸುವುದಿಲ್ಲ. ಗೋಡೆ ತಲೆಯಲ್ಲಿ ಅಗಲವಾದ ಬೀಮ್ ಕೊಟ್ಟು, ಅದು ಅಡ್ಡಕ್ಕೆ 17.6 ಹೊರುವಂತೆ ಮಾಡಬಹುದು. ಸರಳ ಬೀಮ್ ಅಂತ ಹಿಡಿದರೆ ಅಡ್ಡ ಮೊಮೆಂಟ್ 79. ಅದರ ತುದಿಗಳನ್ನು ಆಚೀಚೆಯ ಸ್ಲ್ಯಾಬ್‌ಗೆ ಗಟ್ಟಿಯಾಗಿ ಕಟ್ಟಿ.

ನಿವೃತ್ತ ಎಂಜಿನಿಯರ್, ಶಿವಮೊಗ್ಗ: ಬೀಮ್ ಕೂಡ ಬಾಗುತ್ತದಮ್ಮ. 450 ಅಗಲ, 300 ಆಳದ ಬೀಮ್ ಬಿರುಕು ಬಿಡುವ ಮೊದಲೇ ನಡುವೆ ಐದು ಮಿ.ಮೀ. ಬಾಗೀತು. ತಲೆ ಅಷ್ಟು ಸರಿದರೆ ಆಸರೆ ಅರ್ಧಕ್ಕರ್ಧ ಹೋಯಿತು, ಬುಡದ ಮೊಮೆಂಟ್ ಮತ್ತೆ ಏರಿತು. ನಾನಾಗಿದ್ದರೆ ಆ ಭಾಗವನ್ನು ಕ್ಯಾಂಟಿಲಿವರ್ ಅಂತಲೇ ಮಾಡಿ, ಕೆಳಗೆ ಗೋಡೆ ದಪ್ಪ ಮಾಡುತ್ತಿದ್ದೆ.

ಸ್ಟ್ರಕ್ಚರಲ್ ಕನ್ಸಲ್ಟೆಂಟ್, ಬೆಂಗಳೂರು: ಬಾಗುವ ಮಾತು ನಿಜ ಸರ್. ಆದರೆ ಬೀಮ್ ಆಸರೆ ಬಿಟ್ಟಷ್ಟೂ ಅದರ ಹೊರೆ ಇಳಿಯುತ್ತದೆ, ಬಾಗು ಐದಕ್ಕಿಂತ ಕಡಿಮೆಯೇ ಆಗುತ್ತದೆ. ಅಲ್ಲದೆ ಕ್ಯಾಂಟಿಲಿವರ್‌ನ ಆ ಮೊಮೆಂಟ್ ಅಂಚಿನ ರಾಫ್ಟ್‌ಗೂ ಹೋಗಬೇಕಲ್ಲ. ಬೀಮನ್ನು ಸ್ಪ್ರಿಂಗ್ ಅಂತ ಹಾಕಿ ಒಮ್ಮೆ ಮಾಡೆಲ್ ಮಾಡೋಣ. ತಂಗೀ, ರಾಫ್ಟ್ ಅಂಚು ಗೋಡೆಯಿಂದ ಎಷ್ಟು ಹೊರಗೆ ಚಾಚಿದೆ, ರ‍್ಯಾಂಪ್ ಸ್ಲ್ಯಾಬ್ ಗೋಡೆಗೆ ತಾಗುತ್ತಾ ಇಲ್ವಾ, ಇವೆರಡನ್ನು ಹೇಳಿ.